ವ್ಯಾಪಾರ ಏರಿತು, ಲಾಭ ಇಳಿಯಿತು: ಕೇಸ್ ಸಂದರ್ಶನದಲ್ಲಿ ಬಾಯಿಬಿಟ್ಟು ಯೋಚಿಸುವುದು

ಮೇಜಿನ ಮೇಲೆ ನಾಲ್ಕು ಬಿಳಿ ಹಾಳೆ, ಒಂದು ಪೆನ್ನು. ಕ್ಯಾಲ್ಕುಲೇಟರ್ ಇಲ್ಲ. ಪರಿಚಯದ ಮಾತು ಮುಗಿಯುತ್ತಿದ್ದಂತೆ ಎದುರಿಗೆ ಕೂತವರು ಕೇಳುತ್ತಾರೆ: "ಬೆಂಗಳೂರಿನಲ್ಲಿ ಹತ್ತು ದರ್ಶಿನಿ ನಡೆಸುವ ಮಾಲೀಕರೊಬ್ಬರು ನಮ್ಮ ಬಳಿ ಬಂದಿದ್ದಾರೆ. ಕಳೆದ ವರ್ಷಕ್ಕಿಂತ ವ್ಯಾಪಾರ ಹೆಚ್ಚಾಗಿದೆ, ಆದರೆ ಲಾಭ ಇಳಿದಿದೆ. ಕಾರಣ ಏನು, ಅವರು ಏನು ಮಾಡಬೇಕು?"

ಕನ್ಸಲ್ಟಿಂಗ್ ಕಂಪನಿಗಳ ಸಂದರ್ಶನದಲ್ಲಿ ಇಂಥ ಪ್ರಶ್ನೆಗೆ ಕೇಸ್ ಎನ್ನುತ್ತಾರೆ. ಮೆಕಿನ್ಸಿ, ಬಿಸಿಜಿ, ಬೇನ್ ಮುಂತಾದ ಕಂಪನಿಗಳು ಬೆಂಗಳೂರಿನ ಐಐಎಂನಂಥ ಕಡೆ ಬೇಸಿಗೆ ಇಂಟರ್ನ್‌ಶಿಪ್‌ಗೆ ಮೊದಲ ವರ್ಷದವರನ್ನು ಆರಿಸುವಾಗ ಹೆಚ್ಚಾಗಿ ನೆಚ್ಚಿಕೊಳ್ಳುವುದು ಇದನ್ನೇ. ಸುಮಾರು ಅರ್ಧ ಗಂಟೆಯ ಮಾತುಕತೆ, ನಡೆಯುವುದು ಇಂಗ್ಲಿಷಿನಲ್ಲಿ. ಉತ್ತರ ಸರಿ ಬಂತೇ ಎನ್ನುವುದಕ್ಕಿಂತ, ಉತ್ತರದ ಕಡೆ ಹೋದ ದಾರಿ ಕೇಳಿಸಿತೇ ಎನ್ನುವುದರ ಮೇಲೆ ತೀರ್ಮಾನ ನಿಲ್ಲುತ್ತದೆ. ಮನಸ್ಸಿನಲ್ಲೇ ಲೆಕ್ಕ ಮಾಡಿ ಸರಿಯಾದ ಉತ್ತರ ಹೇಳಿದವರಿಗೂ ಅಂಕ ಬರದಿರಬಹುದು. ಮುಂದೆ ಗಿರಾಕಿಯ ಎದುರು ಕೂತು ಗೊತ್ತಿಲ್ಲದ ವ್ಯಾಪಾರದ ಬಗ್ಗೆ ಈ ವ್ಯಕ್ತಿ ಹೇಗೆ ಮಾತಾಡುತ್ತಾರೆ ಎಂಬುದನ್ನು ಕಂಪನಿ ಈಗಲೇ ನೋಡಿಕೊಳ್ಳುತ್ತಿದೆ.

ದರ್ಶಿನಿಯ ಈ ಕೇಸು, ಅದರ ಅಂಕಿಗಳು ವಿವರಣೆಗಾಗಿ ನಾನು ಕಟ್ಟಿದವು. ಆದರೆ ನಡೆಯುವ ಕ್ರಮ ನಿಜವಾದ ಸಂದರ್ಶನದ್ದೇ.

ಒಳ್ಳೆಯ ಅಭ್ಯರ್ಥಿ ಮೊದಲು ಪ್ರಶ್ನೆಯನ್ನು ತನ್ನ ಮಾತಿನಲ್ಲಿ ಒಮ್ಮೆ ಹೇಳಿ, ಒಂದೆರಡು ಅನುಮಾನ ಬಗೆಹರಿಸಿಕೊಳ್ಳುತ್ತಾಳೆ. "ಲಾಭ ಹಳೆಯ ಮಟ್ಟಕ್ಕೆ ಬಂದರೆ ಮಾಲೀಕರಿಗೆ ಸಾಕೇ, ಇನ್ನೂ ಹೆಚ್ಚಬೇಕೇ? ಹತ್ತೂ ದರ್ಶಿನಿಗಳಲ್ಲಿ ಹೀಗೇ ಆಗಿದೆಯೇ, ಒಂದೆರಡರಲ್ಲಿ ಮಾತ್ರವೇ?" ಎರಡನೆಯ ಪ್ರಶ್ನೆಗೆ ತೂಕ ಹೆಚ್ಚು. ಒಂದೇ ಅಂಗಡಿ ಮುಳುಗುತ್ತಿದ್ದರೆ ಅದರ ಬೀದಿಯಲ್ಲಿ ಕಾರಣ ಹುಡುಕಬೇಕು. ಎಲ್ಲವೂ ಒಟ್ಟಿಗೆ ಕುಸಿದಿದ್ದರೆ ವ್ಯವಹಾರದ ರೀತಿಯಲ್ಲೇ ಏನೋ ಬದಲಾಗಿದೆ. ಹಳೆಯ ಮಟ್ಟ ಸಾಕು, ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ಸ್ಥಿತಿ ಎಂಬ ಉತ್ತರ ಬರುತ್ತದೆ. "ಹಾಗಾದರೆ ಒಂದು ದರ್ಶಿನಿಯ ತಿಂಗಳ ಲೆಕ್ಕ ತೆಗೆದುಕೊಳ್ಳುತ್ತೇನೆ. ಯೋಚಿಸಲು ಒಂದು ನಿಮಿಷ ಕೊಡುತ್ತೀರಾ?"

ಆ ನಿಮಿಷವನ್ನು ಯಾರೂ ನಿರಾಕರಿಸುವುದಿಲ್ಲ. ಮೌನಕ್ಕೆ ಅನುಮತಿ ಇರುವುದು ಅಲ್ಲಿ ಮಾತ್ರ ಎಂದುಕೊಂಡರೂ ತಪ್ಪಿಲ್ಲ. ಹಾಳೆಯ ಮೇಲೆ ಅವಳು ಬರೆಯುವುದು ಸಮಸ್ಯೆಯ ಕವಲುಗಳನ್ನು. ಕವಲುಗಳ ವಿಚಾರದಲ್ಲಿ ಒಂದು ಹಳೆಯ ನಿಯಮವಿದೆ: ಒಂದರ ವಿಷಯ ಇನ್ನೊಂದರಲ್ಲಿ ಸೇರಬಾರದು, ಎಲ್ಲ ಸೇರಿದರೆ ಯಾವುದೂ ಹೊರಗೆ ಉಳಿಯಬಾರದು. 1960ರ ದಶಕದಲ್ಲಿ ಮೆಕಿನ್ಸಿಯಲ್ಲಿದ್ದ ಬಾರ್ಬರಾ ಮಿಂಟೊ ವರದಿ ಬರೆಯುವವರಿಗಾಗಿ ರೂಪಿಸಿದ ಈ ನಿಯಮ ಈಗ ಸಂದರ್ಶನದ ಕೋಣೆಯಲ್ಲೂ ಕಾನೂನಿನಂತಾಗಿದೆ.

ಎಡವುವವರು ಎಡವುವುದು ಇಲ್ಲೇ. ಲಾಭವೆಂದರೆ ಆದಾಯದಲ್ಲಿ ಖರ್ಚು ಕಳೆದದ್ದು, ಆದಾಯವೆಂದರೆ ಬೆಲೆ ಗುಣಿಸು ಸಂಖ್ಯೆ, ಖರ್ಚಿನಲ್ಲಿ ಸ್ಥಿರ ಮತ್ತು ಬದಲಾಗುವ ಎಂದು ಎರಡು ಬಗೆ. ಕೋಚಿಂಗಿನಲ್ಲಿ ಕಲಿತ ಈ ಚೌಕಟ್ಟನ್ನು ಒಂದೇ ಉಸಿರಿಗೆ ಒಪ್ಪಿಸಿಬಿಡುತ್ತಾರೆ. ತಪ್ಪೇನಿಲ್ಲ, ಆದರೆ ಸಿಮೆಂಟ್ ಕಾರ್ಖಾನೆಗೂ ಇದನ್ನೇ ಹೇಳಬಹುದಿತ್ತು. ಆ ದಿನ ಅದೇ ಮಾತನ್ನು ಹಲವರ ಬಾಯಲ್ಲಿ ಕೇಳಿರುವ ಸಂದರ್ಶಕರಿಗೆ ಎದುರಿಗಿರುವವರು ದರ್ಶಿನಿಯ ಬಗ್ಗೆ ಯೋಚಿಸುತ್ತಿಲ್ಲ ಎಂಬುದು ಥಟ್ಟನೆ ತಿಳಿಯುತ್ತದೆ. ಕಾಗದದಲ್ಲಿ ದೋಸೆಯಾಗಲಿ ಕಾಫಿಯಾಗಲಿ ಕಾಣದಿದ್ದರೆ ಆ ಚೌಕಟ್ಟು ಎರವಲು ತಂದದ್ದು.

ನಮ್ಮ ಅಭ್ಯರ್ಥಿ ಹಾಳೆಯನ್ನು ಎದುರಿನವರ ಕಡೆ ತಿರುಗಿಸಿ ಹೇಳುತ್ತಾಳೆ: "ವ್ಯಾಪಾರ ಏರಿಯೂ ಲಾಭ ಇಳಿಯಬೇಕಾದರೆ ಎರಡೇ ದಾರಿ. ಮಾರಿದ ಪ್ರತಿ ರೂಪಾಯಿಯಲ್ಲಿ ಉಳಿಯುವ ಪಾಲು ಕಡಿಮೆಯಾಗಿರಬೇಕು, ಇಲ್ಲವೇ ಬಾಡಿಗೆ, ಸಂಬಳದಂಥ ತಿಂಗಳ ಖರ್ಚು ಏರಿರಬೇಕು. ಮೊದಲನೆಯದರಲ್ಲಿ ಮೂರು ನೋಡುತ್ತೇನೆ: ದಿನಸಿ ಬೆಲೆ ಏರಿ ತಿಂಡಿಯ ಬೆಲೆ ಹಾಗೇ ಉಳಿದಿದೆಯೇ, ಲಾಭ ಕಡಿಮೆ ಇರುವ ತಿಂಡಿಗಳೇ ಹೆಚ್ಚು ಹೋಗುತ್ತಿವೆಯೇ, ಮಾರುವ ದಾರಿ, ಅಂದರೆ ಕೌಂಟರ್ ಮತ್ತು ಡೆಲಿವರಿ ಆ್ಯಪ್ ನಡುವಿನ ಪಾಲು ಬದಲಾಗಿದೆಯೇ. ಮೂರನೆಯದರ ಮೇಲೆ ನನಗೆ ಅನುಮಾನ, ಏಕೆಂದರೆ ವ್ಯಾಪಾರ ಬೆಳೆದೂ ಲಾಭ ಇಳಿಯುವುದು ಅಲ್ಲಿ ಸುಲಭ. ಅಲ್ಲಿಂದಲೇ ಶುರು ಮಾಡಲೇ?"

ಅನುಮಾನ ಎಂಬ ಮಾತಿಗಾಗಿಯೇ ಸಂದರ್ಶಕರು ಕಾದಿರುತ್ತಾರೆ. ಕವಲುಗಳನ್ನು ಸಾಲಾಗಿ ತೋರಿಸಿ "ಯಾವುದು ನೋಡಲಿ ಸರ್?" ಎಂದು ಕೇಳುವವರು ಕೆಲಸವನ್ನು ಎದುರಿನವರಿಗೇ ವಹಿಸಿಬಿಡುತ್ತಾರೆ. ಅನುಮಾನ ಸುಳ್ಳಾದರೂ ಪರವಾಗಿಲ್ಲ. "ಹಾಗಿದ್ದರೆ ಇದು ಕಾರಣವಲ್ಲ, ದಿನಸಿ ಕಡೆ ಬರೋಣ" ಎಂದು ಹೇಳಿ ಹೊರಳಿದರಾಯಿತು. (ಕೆಲವು ಕಂಪನಿಗಳಲ್ಲಿ, ಮುಖ್ಯವಾಗಿ ಮೆಕಿನ್ಸಿಯಲ್ಲಿ, ಒಂದಾದ ಮೇಲೊಂದು ಪ್ರಶ್ನೆ ಕೇಳಿ ಸಂದರ್ಶಕರೇ ದಾರಿ ನಡೆಸುತ್ತಾರೆ. ಅಲ್ಲಿಯೂ ಅನುಮಾನಕ್ಕೆ ಬೆಲೆ ಇದೆ.)

ಈಗ ಅಂಕಿ ಸಿಗುತ್ತವೆ. ಕಳೆದ ವರ್ಷ ತಿಂಗಳಿಗೆ 30 ಲಕ್ಷದ ವ್ಯಾಪಾರ, ಎಲ್ಲವೂ ಕೌಂಟರಿನಲ್ಲಿ. ಲಾಭ 5 ಲಕ್ಷ. ಈ ವರ್ಷ ಕೌಂಟರಿನಲ್ಲಿ 26, ಆ್ಯಪ್‌ಗಳಲ್ಲಿ 8, ಒಟ್ಟು 34 ಲಕ್ಷ. ಲಾಭ 4 ಲಕ್ಷ. ದಿನಸಿ ಖರ್ಚು ಎರಡೂ ವರ್ಷ ಮಾರಾಟದ ಶೇ. 40. ಆ್ಯಪ್‌ನವರ ಕಮಿಷನ್ ಶೇ. 25, ಡಬ್ಬಿ ಕವರುಗಳಿಗೆ ಇನ್ನು ಶೇ. 5. ಪಾರ್ಸೆಲ್ ಕಟ್ಟಲು ಹೊಸದಾಗಿ ತೆಗೆದುಕೊಂಡ ಜನರ ಸಂಬಳ 1 ಲಕ್ಷ.

ಇಲ್ಲಿಂದ ಮುಂದೆ ಬಾಯಿ ನಿಲ್ಲಬಾರದು. ಅವಳು ಬರೆಯುತ್ತಲೇ ಹೇಳುತ್ತಾಳೆ: "ಕೌಂಟರಿನ ಒಂದು ರೂಪಾಯಿಯಲ್ಲಿ ದಿನಸಿ ಕಳೆದು 60 ಪೈಸೆ ಉಳಿಯುತ್ತದೆ. ಆ್ಯಪ್‌ನ ರೂಪಾಯಿಯಲ್ಲಿ ಕಮಿಷನ್, ಡಬ್ಬಿಯ 30 ಪೈಸೆ ಕೂಡ ಹೋಗಿ 30 ಪೈಸೆ. ಕೌಂಟರಿನಲ್ಲಿ ಕಳೆದುಕೊಂಡದ್ದು 4 ಲಕ್ಷದ ಮಾರಾಟ, ಅದರ ಉಳಿಕೆ 2 ಲಕ್ಷ 40 ಸಾವಿರ. ಆ್ಯಪ್‌ನಲ್ಲಿ ಗಳಿಸಿದ್ದು 8 ಲಕ್ಷದ ಮಾರಾಟ, ಅದರ ಉಳಿಕೆಯೂ 2 ಲಕ್ಷ 40 ಸಾವಿರ. ಅಂದರೆ ಎರಡಕ್ಕೆರಡು ಸರಿಹೋಯಿತು. ಹೊಸ ಸಂಬಳದ 1 ಲಕ್ಷ ಮೇಲೆ ಬಿತ್ತು. ಲಾಭ ಇಳಿದದ್ದೂ 1 ಲಕ್ಷ, ಲೆಕ್ಕ ಕೂಡಿಬಂತು."

ಹೀಗೆ ಜೋರಾಗಿ ಲೆಕ್ಕ ಹೇಳುವುದರಲ್ಲಿ ಒಂದು ಸ್ವಾರ್ಥವೂ ಇದೆ. ಶೇ. 30ನ್ನು ಎಲ್ಲೋ 13 ಎಂದು ಬರೆದುಕೊಂಡಿದ್ದರೆ, ಸೊನ್ನೆಯೊಂದು ಜಾರಿದ್ದರೆ, ಎದುರಿನವರು ಅಲ್ಲೇ "ಇನ್ನೊಮ್ಮೆ ನೋಡಿ" ಎನ್ನುತ್ತಾರೆ. ಸುಮ್ಮನೆ ಕೂತು ಲೆಕ್ಕ ಮಾಡಿದವರ ತಪ್ಪು ಕೊನೆಯಲ್ಲಿ, ತಿದ್ದಲು ಹೊತ್ತಿಲ್ಲದಾಗ ಹೊರಬೀಳುತ್ತದೆ. "ಇನ್ನೊಮ್ಮೆ ನೋಡಿ", "ಖಂಡಿತವೇ?", "ಬೇರೆ ಏನಾದರೂ?" ಎಂಬ ಮಾತುಗಳೆಲ್ಲ ಸಂದರ್ಶಕರು ಚಾಚುವ ಕೈ. ಅದನ್ನು ಗಮನಿಸದೆ ತನ್ನದೇ ದಾರಿಯಲ್ಲಿ ಓಡುವ ಜಾಣರು ಬಹಳ ಮಂದಿ ಅಲ್ಲೇ ಬೀಳುತ್ತಾರೆ.

ಲೆಕ್ಕ ಕೂಡಿಬಂತೆಂದು ಪೆನ್ನು ಕೆಳಗಿಟ್ಟರೆ ಅರ್ಧ ಕೆಲಸವಷ್ಟೇ ಆಗಿರುತ್ತದೆ. "ಹಾಗಾದರೆ ಆ್ಯಪ್ ನಿಲ್ಲಿಸಿಬಿಡಲಿ" ಎಂಬ ಸಲಹೆ ನಾಲಿಗೆಯ ತುದಿಯಲ್ಲೇ ಇರುತ್ತದೆ. ಸಂದರ್ಶಕರೂ ಬೇಕೆಂದೇ ಅದರ ಕಡೆ ತಳ್ಳಬಹುದು. ಆದರೆ ಕೌಂಟರಿನಲ್ಲಿ ಇಳಿದ 4 ಲಕ್ಷ ಎಲ್ಲಿ ಹೋಯಿತೆಂದು ಇನ್ನೂ ಯಾರೂ ಕೇಳಿಲ್ಲ. ಅದೇ ಗಿರಾಕಿಗಳು ಮನೆಗೆ ತರಿಸಿಕೊಳ್ಳುತ್ತಿರಬಹುದು. ಎದುರಿಗೆ ಹೊಸ ದರ್ಶಿನಿ ತೆರೆದಿರಬಹುದು. ಅಥವಾ ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ಡೆಲಿವರಿ ಹುಡುಗರು ಮುತ್ತಿಕೊಂಡು, ದೋಸೆ ಹಂಚು ಪಾರ್ಸೆಲ್‌ಗೇ ಮೀಸಲಾಗಿ, ನಿಂತು ತಿನ್ನಲು ಬಂದವರು ಸಾಲು ನೋಡಿ ಮುಂದೆ ಹೋಗುತ್ತಿರಬಹುದು.

ಅವಳು ಇದನ್ನು ಒಂದು ಅಂಕಿಯಾಗಿ ಮಾಡುತ್ತಾಳೆ. ಆ್ಯಪ್ ನಿಲ್ಲಿಸಿದರೆ 2 ಲಕ್ಷ 40 ಸಾವಿರದ ಉಳಿಕೆ ಹೋಗುತ್ತದೆ, ಸಂಬಳದ 1 ಲಕ್ಷ ಉಳಿಯುತ್ತದೆ. ತುಂಬಬೇಕಾದದ್ದು 1 ಲಕ್ಷ 40 ಸಾವಿರ. ಕೌಂಟರಿನ ರೂಪಾಯಿಗೆ 60 ಪೈಸೆಯಂತೆ, ಅದಕ್ಕೆ ಸುಮಾರು 2 ಲಕ್ಷ 30 ಸಾವಿರದ ಮಾರಾಟ ಮರಳಿ ಬರಬೇಕು. "ಹೋದ 4 ಲಕ್ಷದಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ವಾಪಸ್ ಬರುವುದಾದರೆ ನಿಲ್ಲಿಸುವುದು ಲಾಭ, ಇಲ್ಲದಿದ್ದರೆ ನಷ್ಟ. ಹೋದವರು ಯಾವ ಹೊತ್ತಿನ ಗಿರಾಕಿಗಳು ಎಂಬ ಮಾಹಿತಿ ಇದೆಯೇ?"

ಇಳಿಕೆಯ ಬಹುಪಾಲು ಬೆಳಗಿನ ಆ ಎರಡು ಗಂಟೆಗಳದ್ದು ಎಂಬ ಉತ್ತರ ಸಿಗುತ್ತದೆ. ಪ್ರಶ್ನೆಗೆ ಕಾರಣ ಕೊಟ್ಟು ಕೇಳಿದ್ದರಿಂದ ಸಿಕ್ಕ ಉತ್ತರ ಅದು. ಸುಮ್ಮನೆ "ಇನ್ನೇನು ಮಾಹಿತಿ ಇದೆ?" ಎಂದವರಿಗೆ ಸಾಮಾನ್ಯವಾಗಿ "ನಿಮಗೇನು ಬೇಕು?" ಎಂಬ ಮರುಪ್ರಶ್ನೆಯೇ ಬರುತ್ತದೆ. ಹಂಚು ತುಂಬಿರುವ ಹೊತ್ತಿನಲ್ಲಿ ಆ್ಯಪ್‌ನ ಪ್ರತಿ ದೋಸೆಯೂ ಕೌಂಟರಿನ ಒಂದು ದೋಸೆಯನ್ನು ತಳ್ಳಿ 60 ಪೈಸೆಯ ಜಾಗದಲ್ಲಿ 30 ಪೈಸೆ ತರುತ್ತಿದೆ. ಮಧ್ಯಾಹ್ನ ಮೂರಕ್ಕೆ ಹಂಚು ಖಾಲಿ ಇರುವಾಗ ಅದೇ 30 ಪೈಸೆ ಸಂಪೂರ್ಣ ಲಾಭ. ಈ ವ್ಯತ್ಯಾಸ ಹಿಡಿದವರನ್ನು ಕಂಪನಿ ಮರೆಯುವುದು ಕಷ್ಟ.

ಕೊನೆಗೆ ಸಲಹೆ. ಇಲ್ಲಿ ಕ್ರಮ ತಲೆಕೆಳಗಾಗುತ್ತದೆ: ಯೋಚಿಸುವಾಗ ಕಾರಣ ಮೊದಲು, ಹೇಳುವಾಗ ತೀರ್ಮಾನ ಮೊದಲು. "ಬೆಳಗಿನ ಎರಡು ಗಂಟೆ ಆ್ಯಪ್ ಮುಚ್ಚಿ, ಉಳಿದ ಹೊತ್ತಿನಲ್ಲಿ ಆ್ಯಪ್‌ನ ಬೆಲೆ ಶೇ. 10 ಏರಿಸಲಿ ಎಂದು ಮಾಲೀಕರಿಗೆ ಹೇಳುತ್ತೇನೆ. ಮುಚ್ಚಿದರೆ ದುಬಾರಿ ಗಿರಾಕಿ ಕೌಂಟರಿಗೆ ಮರಳುತ್ತಾನೆ. ಬೆಲೆ ಏರಿಸಿದರೆ, ನೂರು ರೂಪಾಯಿಯ ಆರ್ಡರು ನೂರಹತ್ತಾಗುತ್ತದೆ. ದಿನಸಿಗೆ 40, ಡಬ್ಬಿಗೆ 5, ಕಮಿಷನ್‌ಗೆ 27 ರೂಪಾಯಿ 50 ಪೈಸೆ ಹೋಗಿ, 30ರ ಬದಲು 37 ರೂಪಾಯಿ 50 ಪೈಸೆ ಉಳಿಯುತ್ತದೆ. ಆರ್ಡರುಗಳು ಐದರಲ್ಲಿ ಒಂದು ಪಾಲು ಕಡಿಮೆಯಾದರೂ ಇವತ್ತಿನ ಉಳಿಕೆಗೆ ಮೋಸವಿಲ್ಲ."

"ಬೆಳಿಗ್ಗೆ ಮುಚ್ಚಿದರೆ ಆ್ಯಪ್‌ನಲ್ಲಿ ನಮ್ಮ ಹೆಸರು ಕೆಳಗೆ ಹೋಗುತ್ತದೆ ಎಂದು ಮಾಲೀಕರು ಹೆದರಿದರೆ?" ಎಂದು ಸಂದರ್ಶಕರು ಕೊನೆಯ ಕಲ್ಲು ಎಸೆಯುತ್ತಾರೆ.

"ಆ ಭಯಕ್ಕೆ ಕಾರಣವಿದೆ ಸರ್. ಹಾಗಾಗಿ ಹತ್ತರಲ್ಲೂ ಒಮ್ಮೆಗೇ ಬೇಡ. ಎರಡು ದರ್ಶಿನಿಗಳಲ್ಲಿ ಒಂದು ತಿಂಗಳು ಮಾಡಿ ನೋಡೋಣ, ವ್ಯಾಪಾರ ಹೆಚ್ಚುಕಡಿಮೆ ಅಷ್ಟೇ ಇರುವ ಇನ್ನೆರಡನ್ನು ಮುಟ್ಟದೆ ಬಿಡೋಣ. ಬೆಳಗಿನ ಕೌಂಟರ್ ಮಾರಾಟ, ಮಧ್ಯಾಹ್ನದ ಆ್ಯಪ್ ಆರ್ಡರು, ಇವೆರಡನ್ನೂ ದಿನಾ ಬರೆದಿಡಲಿ. ಮಧ್ಯಾಹ್ನದ ಆರ್ಡರು ಕುಸಿದು, ಬೆಳಗಿನ ಕೌಂಟರ್ ಏರದೇ ಹೋದರೆ ವಾಪಸ್ ತೆರೆಯುತ್ತೇವೆ."