ಮೌಸ್ ಇಲ್ಲದವರಿಗೂ ಒಂದು ಮೆನು
ಗೇಮ್ ತಯಾರಿಸುವವರು ಸಾಮಾನ್ಯವಾಗಿ ಮೆನುವನ್ನು ಮೌಸ್ ಹಿಡಿದುಕೊಂಡೇ ಕಟ್ಟುತ್ತಾರೆ. ‘ಆಟ ಶುರು’, ‘ಸೆಟ್ಟಿಂಗ್ಸ್’ ಎಲ್ಲವೂ ಕ್ಲಿಕ್ಕಿಗೆ ಸರಿಯಾಗಿ ತೆರೆದುಕೊಳ್ಳುತ್ತವೆ. ಗೇಮ್‌ಪ್ಯಾಡ್ ಹಿಡಿದವರು ಅದೇ ಮೆನುವಿನ ಮುಂದೆ ಎಷ್ಟು ಒತ್ತಿದರೂ ಏನೂ ಆಗುವುದಿಲ್ಲ. ಗೇಮ್‌ಪ್ಯಾಡ್‌ಗೆ ಕರ್ಸರ್ ಇಲ್ಲವಲ್ಲ! ಅದು ನಂಬಿರುವುದು ಫೋಕಸ್ ಅನ್ನು, ಅಂದರೆ ಸದ್ಯ ಯಾವ ಬಟನ್ ಆಯ್ಕೆಯಲ್ಲಿದೆ ಎಂಬ ಗುರುತನ್ನು. ಪರದೆ ತೆರೆದ ಕೂಡಲೇ ಯಾವುದಾದರೂ ಒಂದು ಬಟನ್‌ಗೆ ಅದನ್ನು ಕೊಡಲೇಬೇಕು.

ಉಚಿತವಾಗಿ ಸಿಗುವ ಗೊಡೊ ಎಂಜಿನ್‌ನಲ್ಲಿ ಪಾಸ್ ಮೆನು ತೆರೆಯುವುದು ಹೀಗೆ:

```
get_tree().paused = true
show()
resume_button.grab_focus()
```

ಮೊದಲ ಸಾಲು ಇಡೀ ಆಟವನ್ನು ನಿಲ್ಲಿಸುತ್ತದೆ. ಮೆನುವೂ ಆಟದ ಭಾಗವೇ ಆದ್ದರಿಂದ ಅದೂ ಜೊತೆಗೇ ನಿಂತುಬಿಡುತ್ತದೆ. ಪರದೆಯ ಮೇಲೆ ಬಟನ್‌ಗಳು ಕಾಣುತ್ತವೆ, ಆದರೆ ಮೌಸ್‌ಗೂ ಗೇಮ್‌ಪ್ಯಾಡ್‌ಗೂ ಜಗ್ಗುವುದಿಲ್ಲ. ಮೆನುವಿನ Process Mode ಅನ್ನು Always ಎಂದು ಬದಲಿಸಿದರೆ ಆಟ ನಿಂತರೂ ಮೆನು ನಡೆಯುತ್ತದೆ.

ಎರಡೂ ಸಾಧನ ಒಟ್ಟಿಗಿದ್ದಾಗ ಇನ್ನೊಂದು ಗೊಂದಲ. ಮೌಸ್ ‘ಸೆಟ್ಟಿಂಗ್ಸ್’ ಮೇಲೆ ಸುಮ್ಮನೆ ನಿಂತಿದೆ. ಆಟಗಾರ ಗೇಮ್‌ಪ್ಯಾಡ್‌ನಲ್ಲಿ ಕೆಳಗಿನ ಬಟನ್‌ಗೆ ಇಳಿಯುತ್ತಾನೆ. ಈಗ ಎರಡು ಬಟನ್ ಬೆಳಗುತ್ತಿವೆ, ಒತ್ತಿದರೆ ಯಾವುದು ತೆರೆಯುತ್ತದೆ ಎಂದು ತಿಳಿಯದು. ಮೌಸ್ ಬಟನ್ ಮೇಲೆ ಬಂದಾಗ ಹೊರಡುವ mouse_entered ಸಂಕೇತಕ್ಕೆ grab_focus() ಜೋಡಿಸಿ, ಮೌಸ್ ತಾಗಿದಾಗಿನ ಬಣ್ಣವನ್ನು ಮಾಮೂಲಿ ಬಣ್ಣದಂತೆಯೇ ಇಟ್ಟರೆ, ಬೆಳಗುವುದು ಫೋಕಸ್ ಇರುವ ಬಟನ್ ಒಂದೇ.

ಸೆಟ್ಟಿಂಗ್ಸ್‌ನಲ್ಲಿ ಧ್ವನಿಯ ಸ್ಲೈಡರ್‌ಗೆ ಫೋಕಸ್ ಬಂದಾಗ ಎಡ-ಬಲ ಒತ್ತಿದರೆ ಧ್ವನಿ ಏರಿಳಿಯುತ್ತದೆ. ಹಾಗಾಗಿ ಸ್ಲೈಡರ್ ಪಕ್ಕದಲ್ಲೇ ‘ಮರುಹೊಂದಿಸು’ ಬಟನ್ ಇಟ್ಟರೆ ಗೇಮ್‌ಪ್ಯಾಡ್‌ನವರು ಅಲ್ಲಿಗೆ ತಲುಪುವುದೇ ಕಷ್ಟ. ಅದನ್ನು ಕೆಳಗಿನ ಸಾಲಿಗೆ ಹಾಕಬೇಕು. ಇದೇ ಪರದೆ ಮುಖ್ಯ ಮೆನುವಿನಿಂದಲೂ ಪಾಸ್ ಮೆನುವಿನಿಂದಲೂ ತೆರೆಯುವುದರಿಂದ, ಯಾವ ಬಟನ್ ಒತ್ತಿ ಬಂದರು ಎಂಬುದನ್ನು ನೆನಪಿಟ್ಟುಕೊಂಡು, ಮುಚ್ಚುವಾಗ ಫೋಕಸ್ ಅನ್ನು ಅಲ್ಲಿಗೇ ಮರಳಿಸಬೇಕು. ಇಲ್ಲವಾದರೆ ಹಿಂದಕ್ಕೆ ಬಂದ ಆಟಗಾರನ ಗೇಮ್‌ಪ್ಯಾಡ್ ಮತ್ತೆ ಸತ್ತಂತೆ.

ಆಟಕ್ಕೆ ಮರಳುವ ಗಳಿಗೆಯಲ್ಲೂ ಎಡವಟ್ಟಾಗುತ್ತದೆ. ಮೆನು ಮುಚ್ಚುವ ಬಿ ಗುಂಡಿಯೇ ಆಟದಲ್ಲಿ ಪಕ್ಕಕ್ಕೆ ಉರುಳಲೂ ಬಳಕೆಯಾದರೆ, ಮೆನು ಹೋದೊಡನೆ ನಾಯಕ ಉರುಳಿ ಕಮರಿಗೆ ಬೀಳಬಹುದು. ಗುಂಡಿ ಒತ್ತಿದಾಗಲ್ಲ, ಬಿಟ್ಟಾಗ ಮೆನು ಮುಚ್ಚುವಂತೆ ಮಾಡುವುದು ಇದಕ್ಕೆ ಪರಿಹಾರ.

ಇದನ್ನೆಲ್ಲ ಪರೀಕ್ಷಿಸಲು ಮೌಸ್ ಕಿತ್ತಿಟ್ಟು, ಮುಖ್ಯ ಮೆನುವಿನಿಂದ ಆಟಕ್ಕೆ, ಪಾಸ್‌ಗೆ, ಸೆಟ್ಟಿಂಗ್ಸ್‌ಗೆ ಹೋಗಿ ವಾಪಸ್ ಬರಬೇಕು. ಆಮೇಲೆ ಆಟದ ನಡುವೆ ಗೇಮ್‌ಪ್ಯಾಡ್‌ನ ತಂತಿಯನ್ನೇ ಎಳೆಯಬೇಕು. joy_connection_changed ಸಂಕೇತವನ್ನು ಪಾಸ್ ಮೆನುವಿಗೆ ಜೋಡಿಸಿ, ಆಗ ಕರ್ಸರ್ ಕಾಣುವಂತೆಯೂ ಮಾಡಿದ್ದರೆ ಆಟ ತಾನೇ ನಿಲ್ಲುತ್ತದೆ, ಮೌಸ್‌ನಲ್ಲೇ ಆಟ ಮುಂದುವರಿಸಲು ಬರುತ್ತದೆ.