ಬೆಳಿಗ್ಗೆ ಬಿಟ್ಟರೆ ಸಂಜೆ ಐದಕ್ಕೆ ಗಾಡಿ

ಮೇ ತಿಂಗಳು ಬಂತೆಂದರೆ ಬಡಾವಣೆಯ ಗ್ಯಾರೇಜುಗಳ ವಾಟ್ಸ್ಆ್ಯಪ್ ಸ್ಟೇಟಸ್‌ಗಳಲ್ಲಿ, ಅಂಗಡಿ ಮುಂದಿನ ಫ್ಲೆಕ್ಸ್‌ಗಳಲ್ಲಿ ಒಂದೇ ಬಗೆಯ ಪ್ರಕಟಣೆ ಕಾಣತೊಡಗುತ್ತದೆ. ಅಂಥದೊಂದು ಹೀಗಿರುತ್ತದೆ:

"ಮಳೆಗಾಲದ ಸರ್ವಿಸ್ ಆಫರ್. ಸ್ಕೂಟರ್ ₹450, ಬೈಕ್ ₹500, ಲೇಬರ್ ಮಾತ್ರ. ವಾಟರ್ ವಾಶ್, ಆಯಿಲ್ ಚೇಂಜ್, ಏರ್ ಫಿಲ್ಟರ್, ಪ್ಲಗ್, ಹಿಂದೆ-ಮುಂದೆ ಬ್ರೇಕ್ ಬಿಚ್ಚಿ ಕ್ಲೀನಿಂಗ್, ಕೇಬಲ್ ಆಯಿಲಿಂಗ್, ಬ್ಯಾಟರಿ-ಲೈಟ್-ಹಾರ್ನ್ ಚೆಕಪ್, ಟೈರ್ ಚೆಕಪ್. ಬೆಳಿಗ್ಗೆ 10ರೊಳಗೆ ಬಿಟ್ಟರೆ ಸಂಜೆ 5ಕ್ಕೆ ಗಾಡಿ. ಆಯಿಲ್, ಪಾರ್ಟ್ಸ್ ಬೇರೆ. ಫೋನ್ ಮಾಡಿ ಕೇಳದೆ ಪಾರ್ಟ್ಸ್ ಹಾಕುವುದಿಲ್ಲ."

ಓದುವವರ ಕಣ್ಣು ಮೊದಲು ದರದ ಮೇಲೆ, ಆಮೇಲೆ ಪಟ್ಟಿಯ ಉದ್ದದ ಮೇಲೆ ಹೋಗುತ್ತದೆ. ನಾನಾದರೆ ಮೊದಲು ಹೊತ್ತು ನೋಡುತ್ತೇನೆ. ಪಟ್ಟಿಯಲ್ಲಿ ಏನು ಬೇಕಾದರೂ ಬರೆಯಬಹುದು. ಅಷ್ಟು ಕೆಲಸ ಆ ಹೊತ್ತಿನಲ್ಲಿ ಮುಗಿಯುತ್ತದೋ ಇಲ್ಲವೋ ಎಂದು ಲೆಕ್ಕ ಹಾಕಿದರೆ, ಯಾವುದನ್ನು ಮಾಡುತ್ತಾರೆ, ಯಾವುದನ್ನು ಬಿಡುತ್ತಾರೆ ಎಂಬುದು ತಾನಾಗಿ ಗೊತ್ತಾಗುತ್ತದೆ.

ಐದು ವರ್ಷ ಓಡಿದ, ಎರಡೂ ಚಕ್ರಕ್ಕೆ ಡ್ರಮ್ ಬ್ರೇಕ್ ಇರುವ 110 ಸಿಸಿ ಸ್ಕೂಟರನ್ನೇ ತೆಗೆದುಕೊಳ್ಳಿ. ನಮ್ಮ ಬೀದಿಗಳಲ್ಲಿ ಹೆಚ್ಚು ಕಾಣುವ ಗಾಡಿ ಅದೇ. ಕೈ ಪಳಗಿದ ಒಬ್ಬ ಮೆಕ್ಯಾನಿಕ್‌ಗೆ ತೊಳೆದು ಗಾಳಿ ಹೊಡೆದು ಒಣಗಿಸಲು ಮುಕ್ಕಾಲು ಗಂಟೆ ಬೇಕು. ಇಂಜಿನ್ ಆಯಿಲ್, ಗೇರ್ ಆಯಿಲ್, ಫಿಲ್ಟರ್, ಪ್ಲಗ್ ಸೇರಿ ಅರ್ಧ ಗಂಟೆ. ಮುಂದಿನ ಬ್ರೇಕಿಗೆ ಇಪ್ಪತ್ತು ನಿಮಿಷ, ಹಿಂದಿನದಕ್ಕೆ ಮುಕ್ಕಾಲು ಗಂಟೆ. ಕೇಬಲ್ಲು, ಲೈಟು, ಬ್ಯಾಟರಿಗೆ ಅರ್ಧ ಗಂಟೆ, ಕೊನೆಗೆ ಒಂದು ಸುತ್ತು ಟ್ರಯಲ್‌ಗೆ ಹತ್ತು ನಿಮಿಷ. ಎಲ್ಲ ಸೇರಿದರೆ ಮೂರು ಗಂಟೆ. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ, ಊಟದ ಹೊತ್ತು ಕಳೆದರೆ, ಉಳಿಯುವುದು ಆರು ಗಂಟೆ. ಇಬ್ಬರು ಕೆಲಸಗಾರರಿರುವ ಗ್ಯಾರೇಜ್ ಆ ಆರು ಗಂಟೆಯಲ್ಲಿ ನಾಲ್ಕು ಸ್ಕೂಟರ್ ಸರಿಯಾಗಿ ಮಾಡಿ ಮುಗಿಸಬಹುದು. ನಡುವೆ ಪಂಕ್ಚರ್ ಗಿರಾಕಿ ಬಂದರೆ, ಪಾರ್ಟ್ಸ್ ತರಲು ಹುಡುಗ ಪೇಟೆಗೆ ಹೋದರೆ ಮೂರೇ. ಅದೇ ಗ್ಯಾರೇಜಿನ ಮುಂದೆ ಬೆಳಿಗ್ಗೆ ಹತ್ತಕ್ಕೆ ಹದಿನೈದು ಗಾಡಿ ಸಾಲಾಗಿ ನಿಂತಿದ್ದು, ಎಲ್ಲಕ್ಕೂ "ಸಂಜೆ ಬನ್ನಿ" ಎಂದಿದ್ದರೆ, ಪಟ್ಟಿಯಲ್ಲಿ ಏನೋ ಹಾರಿಹೋಗಿದೆ ಎಂದೇ ಅರ್ಥ. "ಒಂದೇ ಗಂಟೆಯಲ್ಲಿ ಫುಲ್ ಸರ್ವಿಸ್" ಎನ್ನುವವರ ಬಗ್ಗೆ ಬೇರೆ ಹೇಳಬೇಕಿಲ್ಲ.

ಹಾರಿಹೋಗುವುದು ಹೆಚ್ಚಾಗಿ ಹಿಂದಿನ ಬ್ರೇಕ್. ಅದಕ್ಕೆ ಕಾರಣವೂ ಇದೆ. ಸ್ಕೂಟರಿನ ಮುಂದಿನ ಚಕ್ರ ಸಲೀಸಾಗಿ ಕೈಗೆ ಬರುತ್ತದೆ. ಹಿಂದಿನ ಚಕ್ರ ತೆಗೆಯಬೇಕಾದರೆ ಮೊದಲು ಸೈಲೆನ್ಸರ್ ಇಳಿಸಬೇಕು. ಐದು ವರ್ಷ ಕಾದು ಆರಿದ ಸೈಲೆನ್ಸರ್ ನಟ್ಟು ತುಕ್ಕು ಹಿಡಿದು ಕೂತಿರುತ್ತದೆ. ಜೋರು ಮಾಡಿದರೆ ಸ್ಟಡ್ಡೇ ಮುರಿದು ಇಂಜಿನ್ ಕಡೆ ಉಳಿದುಬಿಡುತ್ತದೆ. ಆಮೇಲೆ ಆ ದಿನದ ಲೆಕ್ಕವೆಲ್ಲ ಬುಡಮೇಲು. ಹಾಗಾಗಿ ಅವಸರದಲ್ಲಿರುವ ಹುಡುಗ ಬಗ್ಗಿ, ಬ್ರೇಕ್ ಕೇಬಲ್ಲಿನ ತುದಿಯ ನಟ್ಟನ್ನು ನಾಲ್ಕು ಸುತ್ತು ಬಿಗಿ ಮಾಡಿ ಏಳುತ್ತಾನೆ. ಲಿವರ್ ಗಟ್ಟಿಯಾಗುತ್ತದೆ, ಗಿರಾಕಿಗೂ ಬ್ರೇಕ್ ಚೆನ್ನಾಗಿದೆ ಅನ್ನಿಸುತ್ತದೆ.

ಆದರೆ ಒಳಗೆ ಆಗುತ್ತಿರುವುದೇ ಬೇರೆ. ಡ್ರಮ್ಮಿನೊಳಗೆ ಅರ್ಧಚಂದ್ರಾಕಾರದ ಎರಡು ಬ್ರೇಕ್ ಶೂ ಇರುತ್ತವೆ. ಲಿವರ್ ಒತ್ತಿದಾಗ ಕೇಬಲ್ ಹೊರಗಿನ ಆರ್ಮನ್ನು ಎಳೆಯುತ್ತದೆ, ಆರ್ಮ್ ಒಳಗಿನ ಕ್ಯಾಮನ್ನು ತಿರುಗಿಸುತ್ತದೆ, ಕ್ಯಾಮ್ ಎರಡೂ ಶೂಗಳನ್ನು ಹೊರಕ್ಕೆ ತಳ್ಳಿ ಡ್ರಮ್ಮಿಗೆ ಒತ್ತುತ್ತದೆ. ಬೇಸಿಗೆಯಿಡೀ ಶೂ ಸವೆದ ಪುಡಿ, ರಸ್ತೆಯ ಧೂಳು ಎಲ್ಲ ಆ ಮುಚ್ಚಿದ ಡಬ್ಬಿಯೊಳಗೇ ಸೇರಿಕೊಂಡಿರುತ್ತದೆ. ಮೊದಲ ಮಳೆಯ ನೀರು ಒಳಹೊಕ್ಕಾಗ ಅದು ಕಲಸಿ ಕೆಸರಾಗಿ ಶೂ ಮೇಲೆ ಕೂರುತ್ತದೆ. ಒಂದು ದಿನ ಬ್ರೇಕ್ ಹಿಡಿಯುವುದಿಲ್ಲ, ಇನ್ನೊಂದು ದಿನ ಥಟ್ಟನೆ ಕಚ್ಚಿಕೊಳ್ಳುತ್ತದೆ. ಕ್ಯಾಮ್ ಕೂರುವ ರಂಧ್ರದಲ್ಲಿ ತುಕ್ಕು ಬಂದರೆ ಇನ್ನೂ ತಾಪತ್ರಯ: ಲಿವರ್ ಬಿಟ್ಟರೂ ಶೂ ಪೂರ್ತಿ ಹಿಂದೆ ಸರಿಯುವುದಿಲ್ಲ. ಗಾಡಿ ಎಳೆಯುತ್ತದೆ, ಮೈಲೇಜ್ ಬೀಳುತ್ತದೆ, ಸ್ವಲ್ಪ ದೂರ ಓಡಿಸಿ ನಿಲ್ಲಿಸಿ ಹಬ್ ಹತ್ತಿರ ಕೈ ಒಯ್ದರೆ ಬಿಸಿ ತಟ್ಟುತ್ತದೆ. ನಟ್ಟು ಬಿಗಿ ಮಾಡುವುದರಿಂದ ಇದಾವುದೂ ಸರಿಹೋಗದು.

ಬಿಚ್ಚಿ ಮಾಡುವ ಕೆಲಸ ಹೀಗೆ. ಶೂ ಹೊರತೆಗೆದು ಪುಡಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಕು. (ಬಹಳ ಕಡೆ ಏರ್ ಗನ್‌ನಿಂದ ಊದಿ ಹಾರಿಸುತ್ತಾರೆ. ಆ ಕಪ್ಪು ಪುಡಿ ನೇರ ಹೋಗುವುದು ಕೆಲಸದ ಹುಡುಗನ ಮೂಗಿಗೆ, ಮುಖಕ್ಕೊಂದು ಕರವಸ್ತ್ರವೂ ಇರುವುದಿಲ್ಲ.) ಶೂ ಮೇಲ್ಮೈ ಕನ್ನಡಿಯ ಹಾಗೆ ಹೊಳೆಯುತ್ತಿದ್ದರೆ ಎಮರಿ ಪೇಪರಿನಲ್ಲಿ ಉಜ್ಜಿ ಒರಟು ಮಾಡಬೇಕು. ಲೈನಿಂಗ್ ಎರಡು ಮಿಲಿಮೀಟರಿನ ಹತ್ತಿರ ಬಂದಿದ್ದರೆ ಉಜ್ಜಿ ಪ್ರಯೋಜನವಿಲ್ಲ, ಹೊಸದೇ ಬೇಕು. ಕ್ಯಾಮ್ ಹೊರತೆಗೆದು ತುಕ್ಕು ಉಜ್ಜಿ, ತೆಳುವಾಗಿ ಗ್ರೀಸ್ ಸವರಬೇಕು. ತೆಳುವಾಗಿ ಎಂದದ್ದು ಯಾಕೆಂದರೆ, ಹೆಚ್ಚಾದ ಗ್ರೀಸ್ ಕರಗಿ ಶೂ ಮೇಲೆ ಇಳಿದರೆ ಆ ಜೋಡಿಯನ್ನೇ ಎಸೆಯಬೇಕಾಗುತ್ತದೆ.

ನಡು ಮಧ್ಯಾಹ್ನ ನಿಮಗೊಂದು ಫೋನ್ ಬರುವುದು ಈ ಹಂತದಲ್ಲೇ. "ಸರ್, ಹಿಂದಿನ ಶೂ ಮುಗಿದಿದೆ, ಹಾಕ್ಲಾ?" ಎಂದು ಕೇಳುತ್ತಾರೆ. ಕಂಪನಿಯದೋ ಲೋಕಲ್ಲೋ, ಎಷ್ಟಾಗುತ್ತದೆ ಎಂದು ಕೇಳಿ, ಹಳೆಯದನ್ನು ಎತ್ತಿಡಲು ಹೇಳಿ. ಸಂಜೆ ಹೋದಾಗ ಹಳೆಯ ಶೂ ಕೈಗೆ ಕೊಟ್ಟರೆ ಚಕ್ರ ಬಿಚ್ಚಿದ್ದಾರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಬೆಳಗಿನಿಂದ ಒಂದೂ ಫೋನ್ ಬಾರದೆ, ಐದು ವರ್ಷದ ಗಾಡಿಗೆ ಏನೂ ಬೇಕಾಗಿಲ್ಲ ಎಂದು ಬಿಲ್ ಬಂದರೆ ಖುಷಿಪಡುವ ಮುಂಚೆ ಒಮ್ಮೆ ಬಗ್ಗಿ ನೋಡಿ.

ಬಗ್ಗಿ ನೋಡಬೇಕಾದದ್ದು ಎರಡು ಜಾಗ. ಹಿಂದಿನ ಚಕ್ರದ ಬಳಿ ಬ್ರೇಕ್ ಆರ್ಮಿನ ಬುಡದಲ್ಲಿ ಒಂದು ಸಣ್ಣ ಬಾಣದ ಗುರುತು, ಅದರ ಪಕ್ಕದ ಲೋಹದ ಮೇಲೆ ಇನ್ನೊಂದು ಗುರುತು ಇರುತ್ತದೆ. ಲಿವರ್ ಪೂರ್ತಿ ಒತ್ತಿದಾಗ ಬಾಣ ಆ ಗುರುತನ್ನು ಮುಟ್ಟಿದರೆ ಶೂ ಆಯುಷ್ಯ ಮುಗಿದಿದೆ. ಎರಡನೆಯದು ಆ ಕೇಬಲ್ಲಿನ ತುದಿ. ಅಡ್ಜಸ್ಟ್ ನಟ್ಟು ಮರೆಯ ಕೊನೆಯವರೆಗೂ ಒಳಗೆ ಹೋಗಿ, ಅದರ ಹಿಂದೆ ಬೆರಳುದ್ದ ಮರೆ ಹೊರಗೆ ಚಾಚಿಕೊಂಡಿದ್ದರೆ ಬಹಳ ದಿನದಿಂದ ಬಿಗಿ ಮಾಡುವುದೊಂದೇ ನಡೆದಿದೆ ಎಂದು ತಿಳಿಯಿರಿ. ಹೀಗೆ ಬಿಗಿ ಮಾಡುತ್ತಾ ಹೋದಾಗ ಆರ್ಮ್ ಕೇಬಲ್ಲಿಗೆ ನೇರ ಅಡ್ಡವಾಗಿ ಎಳೆಯುವ ಕೋನ ದಾಟಿಬಿಡುತ್ತದೆ. ಆಮೇಲೆ ಎಷ್ಟು ಒತ್ತಿದರೂ ಕೈಬಲ ಪೂರ್ತಿ ಶೂಗೆ ಮುಟ್ಟುವುದಿಲ್ಲ.

ಇನ್ನೊಂದು ಪರೀಕ್ಷೆ ಇನ್ನೂ ಸುಲಭ. ಏಪ್ರಿಲ್ 2019ರಿಂದ ನಮ್ಮಲ್ಲಿ ಮಾರಾಟವಾಗುವ ಸಣ್ಣ ದ್ವಿಚಕ್ರ ವಾಹನಗಳಿಗೆ ಕಾಂಬಿ ಬ್ರೇಕ್, 125 ಸಿಸಿ ಮೀರಿದವಕ್ಕೆ ಎಬಿಎಸ್ ಕಡ್ಡಾಯವಾಗಿದೆ. ಕಾಂಬಿ ಬ್ರೇಕ್ ಇರುವ ಸ್ಕೂಟರಿನಲ್ಲಿ ಎಡಗೈ ಲಿವರ್ ಹಿಂದಿನ ಬ್ರೇಕಿನ ಜೊತೆ ಮುಂದಿನದನ್ನೂ ಸ್ವಲ್ಪ ಹಿಡಿಯಬೇಕು. ಹಿಂದಿನದನ್ನು ಮಾತ್ರ ಬಿಗಿ ಮಾಡಿ, ಮುಂದಕ್ಕೆ ಹೋಗುವ ಕೇಬಲ್ಲನ್ನು ಸಡಿಲ ಬಿಟ್ಟರೆ ಈ ಹೊಂದಾಣಿಕೆ ಕೆಡುತ್ತದೆ. ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರವೊಂದೇ ಲಾಕ್ ಆಗಿ ಗಾಡಿ ಅಡ್ಡಕ್ಕೆ ಜಾರುವುದು ಹೀಗೆ. ಮಗನನ್ನೋ ಗ್ಯಾರೇಜಿನ ಹುಡುಗನನ್ನೋ ಎಡಗೈ ಲಿವರ್ ಒತ್ತಲು ಹೇಳಿ, ನೀವು ಮುಂದಿನ ಚಕ್ರದ ಬ್ರೇಕ್ ಆರ್ಮ್ ನೋಡಿ. ಅದು ಅಲುಗಬೇಕು. ಅಲುಗದಿದ್ದರೆ ಗಾಡಿ ತೆಗೆದುಕೊಳ್ಳಬೇಡಿ.

ಟೈರ್ ಚೆಕಪ್ ಎಂದು ಬರೆದದ್ದು ಎರಡು ನಿಮಿಷದ ಕೆಲಸ, ಮನೆಯಲ್ಲೇ ಆಗುತ್ತದೆ. ಟೈರಿನ ಬದಿಯಲ್ಲಿ ಟಿಡಬ್ಲ್ಯೂಐ ಎಂಬ ಅಕ್ಷರ ಅಥವಾ ಸಣ್ಣ ತ್ರಿಕೋನ ಇರುವ ಜಾಗದ ನೇರಕ್ಕೆ, ಗಾಡಿಗಳೊಳಗೆ ಒಂದು ಉಬ್ಬು ಇರುತ್ತದೆ. ಟೈರ್ ಆ ಉಬ್ಬಿನ ಮಟ್ಟಕ್ಕೆ ಸವೆದಿದ್ದರೆ ಮಳೆನೀರನ್ನು ಪಕ್ಕಕ್ಕೆ ತಳ್ಳಲು ಅದಕ್ಕೆ ದಾರಿ ಉಳಿದಿಲ್ಲ. ಸವೆಯದಿದ್ದರೂ ತಯಾರಾದ ದಿನ ನೋಡಿ: ಬದಿಯಲ್ಲಿ ಅಚ್ಚಾದ ನಾಲ್ಕಂಕಿಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. 2319 ಎಂದಿದ್ದರೆ 2019ರ 23ನೇ ವಾರ. ಹೆಚ್ಚು ಓಡದೆ ಬಿಸಿಲಿನಲ್ಲಿ ನಿಂತೇ ಇದ್ದ ಗಾಡಿಯ ರಬ್ಬರ್ ಗಟ್ಟಿಯಾಗಿ ಸೀಳು ಬಿಟ್ಟಿರುತ್ತದೆ, ಒದ್ದೆ ಡಾಂಬರಿನಲ್ಲಿ ಅದೂ ಜಾರುತ್ತದೆ.

ಮಳೆಯಲ್ಲಿ ನಡುದಾರಿಯಲ್ಲಿ ಗಾಡಿ ನಿಲ್ಲಿಸುವುದು ಹೆಚ್ಚಾಗಿ ಪ್ಲಗ್ ಕ್ಯಾಪ್. ಅದರ ರಬ್ಬರ್ ಸೀಳಿದ್ದರೆ ನೀರು ಒಳಗೆ ಹೋಗಿ ಕಿಡಿ ಪ್ಲಗ್ಗಿಗೆ ತಲುಪುವ ಬದಲು ಬಾಡಿಗೆ ಹಾರುತ್ತದೆ. ಒಣ ದಿನಗಳಲ್ಲಿ ಚೆನ್ನಾಗಿ ಓಡುವ ಗಾಡಿ ಮಳೆ ಬಂದಾಗ ಮಾತ್ರ ಮಿಸ್ ಹೊಡೆದರೆ ಮೊದಲು ಇಲ್ಲಿ ನೋಡಬೇಕು. ಕತ್ತಲಲ್ಲಿ ಇಂಜಿನ್ ಚಾಲೂ ಇಟ್ಟು ಪ್ಲಗ್ ವಯರಿನ ಮೇಲೆ ಸ್ವಲ್ಪ ನೀರು ಸಿಂಪಡಿಸಿದರೆ, ಸೋರುವ ಕಿಡಿ ಕಣ್ಣಿಗೇ ಕಾಣುತ್ತದೆ. ಆಗ ಮುಟ್ಟಬೇಡಿ, ಶಾಕ್ ಜೋರು. ಹೊಸ ಕ್ಯಾಪಿಗೆ ದೊಡ್ಡ ಖರ್ಚೇನಿಲ್ಲ. ಆದರೆ ಪಟ್ಟಿಯಲ್ಲಿ ಪ್ಲಗ್ ಎಂದಿದ್ದರೂ ಕ್ಯಾಪ್ ನೋಡುವವರು ಕಡಿಮೆ, ಹೇಳಿಯೇ ನೋಡಿಸಬೇಕು. ಬ್ಯಾಟರಿಯನ್ನು ಮೀಟರ್ ಹಿಡಿದು ನೋಡಲಿ: ನಿಂತಾಗ 12.5 ವೋಲ್ಟ್ ಸುಮಾರು, ಇಂಜಿನ್ ಓಡುವಾಗ 14ರ ಆಸುಪಾಸು. ಹಾರ್ನ್ ಹೊಡೆದು ನೋಡಿದ್ದು ಬ್ಯಾಟರಿ ಚೆಕಪ್ ಅಲ್ಲ.

ಏರ್ ಫಿಲ್ಟರಿನ ಬಗ್ಗೆ ಒಂದೇ ಮಾತು. ಈಗಿನ ಬಹಳಷ್ಟು ಸ್ಕೂಟರುಗಳಲ್ಲಿರುವುದು ಎಣ್ಣೆ ಲೇಪಿಸಿದ ಕಾಗದದ ಫಿಲ್ಟರ್. ಗಾಳಿ ಹೊಡೆದರೆ ಅದು ಸ್ವಚ್ಛವಾಗುವುದಿಲ್ಲ, ಕೆಡುತ್ತದೆ. ಬದಲಿಸಬೇಕು, ಇಲ್ಲವೇ ಬಿಡಬೇಕು.

ಕೆಲಸದ ಸರದಿಯನ್ನೂ ಕೇಳಿ. ತೊಳೆಯುವುದು ಮೊದಲಾಗಬೇಕು, ಬ್ರೇಕ್ ಬಿಚ್ಚುವುದು ಆಮೇಲೆ. ಎಲ್ಲ ಮುಗಿಸಿ ಗಾಡಿ ಮಿಂಚಲೆಂದು ಕೊನೆಗೆ ಪ್ರೆಶರ್ ಗನ್ ಹಿಡಿದರೆ, ಈಗಷ್ಟೇ ಒಣಗಿಸಿ ಕೂರಿಸಿದ ಡ್ರಮ್ಮಿಗೆ, ಕನೆಕ್ಟರುಗಳಿಗೆ ಮತ್ತೆ ನೀರು. ಹಾಗೆ ತೊಳೆದ ಗಾಡಿ ಹೊತ್ತು ಸಂಜೆ ಹೊರಟರೆ ಮೊದಲ ಎರಡು ಮೂರು ಬ್ರೇಕ್ ಹಿಡಿಯುವುದೇ ಇಲ್ಲ.

ಯಾವಾಗ ಬಿಡಬೇಕು ಎಂಬುದಕ್ಕೆ ಜೂನ್ ಮೊದಲ ವಾರ ಕಾಯುವುದು ಈಗ ನಂಬುವ ಲೆಕ್ಕವಲ್ಲ. ಮುಂಗಾರು ಕೇರಳ ಮುಟ್ಟುವ ವಾಡಿಕೆಯ ದಿನ ಜೂನ್ 1, ಆದರೆ 2025ರಲ್ಲಿ ಅದು ಮೇ 24ಕ್ಕೇ ಬಂತು. ಬೆಂಗಳೂರಿನಂಥ ಊರಿಗೆ ಏಪ್ರಿಲ್-ಮೇನಲ್ಲೇ ಗುಡುಗುಮಳೆ ಇರುತ್ತದೆ. ಮಳೆ ಶುರುವಾದ ವಾರ ಎಲ್ಲರೂ ಗ್ಯಾರೇಜಿಗೆ ನುಗ್ಗುತ್ತಾರೆ. ಆ ಗುಂಪಿನಲ್ಲಿ ಹಿಂದಿನ ಚಕ್ರ ಬಿಚ್ಚುವ ಪುರುಸೊತ್ತು ಯಾರಿಗೂ ಇರದು. ಮೇ ಮೊದಲಲ್ಲೇ, ಅದೂ ವಾರದ ನಡುವಿನ ದಿನ ಬಿಟ್ಟರೆ ಸಂಜೆ ಐದು ಎಂದದ್ದು ಐದೇ ಆಗುತ್ತದೆ.

ಆಫರಿನ ಯಾವ ಪಟ್ಟಿಯೂ ಕಾಪಾಡದ ಒಂದು ಸಂದರ್ಭವಿದೆ. ಅಂಡರ್‌ಪಾಸಿನ ನೀರಿನಲ್ಲಿ ಗಾಡಿ ಆಫ್ ಆದರೆ ಸೆಲ್ಫ್ ಒತ್ತಬೇಡಿ, ಕಿಕ್ಕೂ ಹೊಡೆಯಬೇಡಿ. ನೀರು ಸಿಲಿಂಡರಿಗೆ ಹೋಗಿದ್ದರೆ ಪಿಸ್ಟನ್ ಅದನ್ನು ಒತ್ತಲಾರದೆ ಕನೆಕ್ಟಿಂಗ್ ರಾಡೇ ಬಾಗುತ್ತದೆ. ತಳ್ಳಿಕೊಂಡು ಎತ್ತರದ ಜಾಗಕ್ಕೆ ತನ್ನಿ, ಗ್ಯಾರೇಜಿಗೆ ಫೋನ್ ಮಾಡಿ. ಅವರು ಪ್ಲಗ್ ತೆಗೆದು ನೀರು ಹೊರಹಾಕಿ, ಆಯಿಲ್ ಬಣ್ಣ ನೋಡುತ್ತಾರೆ. ಬಿಳಿಚಿಕೊಂಡಿದ್ದರೆ ನೀರು ಬೆರೆತಿದೆ. ಆಯಿಲ್ ಸುರಿದು ಹೊಸದು ಹಾಕಿ, ಸ್ವಲ್ಪ ಓಡಿಸಿ, ಅದನ್ನೂ ಸುರಿದು ಮತ್ತೆ ಹೊಸದು ಹಾಕಬೇಕು. ಅದಕ್ಕೆ ಕನಿಷ್ಠ ಎರಡು ದಿನ ಕೊಡಿ, ದರವನ್ನೂ ಬೇರೆಯೇ ಮಾತಾಡಿಕೊಳ್ಳಿ.