ಸಂದರ್ಶನ ಎಲ್ಲಿಗೆ ನಿಲ್ಲಿಸಬೇಕು?

ಗುಣಾತ್ಮಕ ಸಂಶೋಧನೆಯಲ್ಲಿ ಎಷ್ಟು ಜನರನ್ನು ಮಾತನಾಡಿಸಬೇಕು ಎಂಬುದಕ್ಕೆ ಮೊದಲೇ ಲೆಕ್ಕ ಹಾಕಿ ಹೇಳುವ ಖಚಿತ ಸೂತ್ರವಿಲ್ಲ. ಸಂದರ್ಶನಗಳು ಮುಂದುವರಿದಂತೆ ಕೇಳಿದ್ದೇ ಮತ್ತೆ ಕೇಳಿಬರುತ್ತದೆ, ಹೊಸ ಸಂಗತಿಗಳು ವಿರಳವಾಗುತ್ತವೆ. ಇನ್ನೊಬ್ಬರನ್ನು ಮಾತನಾಡಿಸಿದರೂ ಅರಿವಿಗೆ ಹೆಚ್ಚಿನದೇನೂ ಸೇರದ ಹಂತವನ್ನು ಪರ್ಯಾಪ್ತತೆ ಅಥವಾ ಸ್ಯಾಚುರೇಷನ್ ಎನ್ನುತ್ತಾರೆ. 1967ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞರಾದ ಬಾರ್ನಿ ಗ್ಲೇಸರ್ ಮತ್ತು ಆನ್ಸೆಲ್ಮ್ ಸ್ಟ್ರಾಸ್ ಈ ಕಲ್ಪನೆಯನ್ನು ಮುಂದಿಟ್ಟಾಗ ಅದು ಸಿದ್ಧಾಂತ ಕಟ್ಟುವ ಕೆಲಸಕ್ಕೆ ಸೇರಿದ್ದಾಗಿತ್ತು. ಈಗ ಬಹುತೇಕ ಎಲ್ಲ ಬಗೆಯ ಸಂದರ್ಶನ ಅಧ್ಯಯನಗಳಲ್ಲೂ ಅದನ್ನು ಬಳಸುತ್ತಾರೆ.

ಬಳಕೆ ಹೆಚ್ಚಿದಷ್ಟೂ ಅರ್ಥ ಸಡಿಲವಾಗಿದೆ. ‘ಪರ್ಯಾಪ್ತತೆ ತಲುಪುವವರೆಗೆ ಸಂದರ್ಶನ ನಡೆಸಲಾಯಿತು’ ಎಂಬ ಒಂದೇ ಸಾಲಿನಲ್ಲಿ ಅನೇಕ ವರದಿಗಳು ವಿಷಯ ಮುಗಿಸುತ್ತವೆ. ಹೊಸದೇನೂ ಬರಲಿಲ್ಲ ಎಂಬುದು ಎಣಿಸಿ ಕಂಡುಕೊಂಡ ಸಂಗತಿಯೋ, ಸಂಶೋಧಕರ ಅನಿಸಿಕೆಯೋ, ಅಥವಾ ಸಮಯ ಮತ್ತು ಹಣ ಮುಗಿದದ್ದಕ್ಕೆ ಕೊಟ್ಟ ಹೆಸರೋ ಎಂದು ಓದುಗರಿಗೆ ತಿಳಿಯುವುದಿಲ್ಲ.

ಎಣಿಸಿ ನೋಡುವ ಪ್ರಯತ್ನಗಳಲ್ಲಿ ಹೆಸರಾದದ್ದು ಗ್ರೆಗ್ ಗೆಸ್ಟ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನ. ಘಾನಾ ಮತ್ತು ನೈಜೀರಿಯಾದ 60 ಮಹಿಳೆಯರ ಸಂದರ್ಶನಗಳನ್ನು ಅವರು ಆರಾರರ ಗುಂಪುಗಳಾಗಿ ವಿಂಗಡಿಸಿ, ಪ್ರತಿ ಗುಂಪಿನಿಂದ ಎಷ್ಟು ಹೊಸ ಕೋಡ್‌ಗಳು ಬಂದವು ಎಂದು ಲೆಕ್ಕ ಹಾಕಿದರು. ಕೋಡ್ ಎಂದರೆ ಮಾತಿನ ಒಂದು ಭಾಗಕ್ಕೆ ಅದರ ಸಾರವನ್ನು ಸೂಚಿಸಲು ಹಚ್ಚುವ ಹೆಸರು. ಘಾನಾದ ಸಂದರ್ಶನಗಳಿಂದ ಬಂದ ಒಟ್ಟು ಕೋಡ್‌ಗಳಲ್ಲಿ ಶೇ 73ರಷ್ಟು ಮೊದಲ 6 ಸಂದರ್ಶನಗಳಲ್ಲೇ ಸಿಕ್ಕಿದ್ದವು. 12 ಮುಗಿಯುವ ಹೊತ್ತಿಗೆ ಶೇ 92ರಷ್ಟು ಸಿಕ್ಕಿದ್ದವು. ಅಂದಿನಿಂದ ‘12 ಸಂದರ್ಶನ ಸಾಕು’ ಎಂಬ ಮಾತು ನಿಯಮದಂತೆ ಹಬ್ಬಿತು. ಆದರೆ ಆ ಅಧ್ಯಯನದಲ್ಲಿ ಮಾತನಾಡಿದವರ ಪರಿಸ್ಥಿತಿ ಒಂದಕ್ಕೊಂದು ಹತ್ತಿರವಿತ್ತು, ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಪ್ರಶ್ನೆಗಳನ್ನು ಕೇಳಲಾಗಿತ್ತು. ಈ ಎರಡು ಷರತ್ತುಗಳನ್ನು ಬಿಟ್ಟು ಸಂಖ್ಯೆಯನ್ನಷ್ಟೇ ಎತ್ತಿಕೊಂಡರೆ ಅದಕ್ಕೆ ಆಧಾರ ಉಳಿಯುವುದಿಲ್ಲ.

ಅಧ್ಯಯನ ನಡೆಯುತ್ತಿರುವಾಗಲೇ ಬಳಸಬಹುದಾದ ಸರಳ ವಿಧಾನವೊಂದನ್ನು ಗೆಸ್ಟ್, ಎಮಿಲಿ ನೇಮಿ ಮತ್ತು ಮಾರಿಯೋ ಚೆನ್ 2020ರಲ್ಲಿ ವಿವರಿಸಿದರು. ಅದರಲ್ಲಿ ಮೂರು ಸಂಗತಿಗಳನ್ನು ಮೊದಲೇ ನಿರ್ಧರಿಸಬೇಕು: ಬುನಾದಿಯಾಗಿ ಎಷ್ಟು ಸಂದರ್ಶನ, ಆಮೇಲೆ ಒಮ್ಮೆಗೆ ಎಷ್ಟು ಸಂದರ್ಶನಗಳನ್ನು ಪರೀಕ್ಷೆಗೆ ತೆಗೆದುಕೊಳ್ಳುವುದು, ಮತ್ತು ಹೊಸ ಮಾಹಿತಿ ಶೇಕಡ ಎಷ್ಟಕ್ಕೆ ಇಳಿದರೆ ನಿಲ್ಲಿಸುವುದು.

ಒಂದು ಕಾಲ್ಪನಿಕ ಉದಾಹರಣೆ ನೋಡಬಹುದು. ಒಂದು ತಾಲ್ಲೂಕಿನಲ್ಲಿ ಕ್ಷಯರೋಗಿಗಳು ಆರು ತಿಂಗಳ ಚಿಕಿತ್ಸೆಯನ್ನು ನಡುವೆಯೇ ಬಿಡುವುದೇಕೆ ಎಂಬುದು ಅಧ್ಯಯನದ ಪ್ರಶ್ನೆ. ಬುನಾದಿ 4 ಸಂದರ್ಶನ, ಪರೀಕ್ಷೆಗೆ ಬೆನ್ನುಬೆನ್ನಿಗೆ ಬರುವ 2, ಮಿತಿ ಶೇ 5. ಮೊದಲ ನಾಲ್ವರಿಂದ ಕ್ರಮವಾಗಿ 12, 7, 4 ಮತ್ತು 2 ಹೊಸ ಕೋಡ್‌ಗಳು ಬಂದವು. ಬುನಾದಿ 25 ಆಯಿತು. ಐದನೆಯವರಿಂದ 2, ಆರನೆಯವರಿಂದ 1 ಬಂದವು. ಈ ಜೋಡಿಯ 3 ಹೊಸ ಕೋಡ್‌ಗಳನ್ನು 25ರಿಂದ ಭಾಗಿಸಿದರೆ ಶೇ 12. ಮಿತಿಗಿಂತ ಹೆಚ್ಚಿರುವುದರಿಂದ ಮುಂದುವರಿಯಬೇಕು. ಏಳನೆಯವರಿಂದ 1 ಬಂದಾಗ ಆರು–ಏಳರ ಜೋಡಿ ಶೇ 8 ಕೊಡುತ್ತದೆ. ಎಂಟನೆಯವರಿಂದ ಏನೂ ಬರದಿದ್ದರೆ ಏಳು–ಎಂಟರ ಜೋಡಿ ಶೇ 4ಕ್ಕೆ ಇಳಿಯುತ್ತದೆ. ಲೆಕ್ಕದ ಪ್ರಕಾರ ಆರನೆಯ ಸಂದರ್ಶನಕ್ಕೇ ಪರ್ಯಾಪ್ತತೆ ಬಂದಿತ್ತು, ಮುಂದಿನ ಎರಡು ಅದನ್ನು ಖಚಿತಪಡಿಸಿದವು.

ಇಷ್ಟಕ್ಕೇ ನಿಲ್ಲಿಸಿದರೆ ಮೋಸಹೋಗುವ ಸಾಧ್ಯತೆ ಇದೆ. ಆ ಎಂಟೂ ಜನ ಪಟ್ಟಣದವರೇ, ತಾಲ್ಲೂಕು ಆಸ್ಪತ್ರೆಯ ಹತ್ತಿರದವರೇ ಆಗಿದ್ದರೆ? ಕಾಫಿ ತೋಟಗಳ ಲೈನ್ ಮನೆಗಳಲ್ಲಿರುವ ವಲಸೆ ಕಾರ್ಮಿಕರಲ್ಲಿ ನಾಲ್ವರನ್ನು ಮಾತನಾಡಿಸಿದಾಗ ಇನ್ನೂ 4 ಕೋಡ್‌ಗಳು ಸೇರಿದವು ಎಂದುಕೊಳ್ಳೋಣ: ಚಿಕಿತ್ಸೆಯ ನಡುವೆ ಊರಿಗೆ ಹೋಗಬೇಕಾದದ್ದು, ಅಲ್ಲಿ ಮಾತ್ರೆ ಎಲ್ಲಿ ಸಿಗುತ್ತದೆಂದು ಗೊತ್ತಿಲ್ಲದ್ದು, ಆರೋಗ್ಯ ಕಾರ್ಯಕರ್ತೆಯ ಭಾಷೆ ಅರ್ಥವಾಗದ್ದು, ಕೊಯ್ಲಿನ ಸಮಯದಲ್ಲಿ ರಜೆ ಸಿಗದ್ದು. ಮೊದಲ ಲೆಕ್ಕ ತಪ್ಪಾಗಿರಲಿಲ್ಲ. ಅದು ಪಟ್ಟಣದ ರೋಗಿಗಳ ಬಗ್ಗೆ ಮಾತ್ರ ನಿಜವಾಗಿತ್ತು. ಈಗ ಎರಡೇ ದಾರಿ: ತೋಟದ ಕಾರ್ಮಿಕರಿಗೆ ಪ್ರತ್ಯೇಕ ಲೆಕ್ಕವಿಟ್ಟು ಸಂದರ್ಶನ ಮುಂದುವರಿಸುವುದು, ಇಲ್ಲವೇ ವರದಿಯ ಮಾತನ್ನು ಪಟ್ಟಣದ ರೋಗಿಗಳಿಗಷ್ಟೇ ಸೀಮಿತಗೊಳಿಸುವುದು.

ಕೋಡ್‌ನ ಅಳತೆಯೂ ಫಲಿತಾಂಶವನ್ನು ಬದಲಿಸುತ್ತದೆ. ‘ಹಣದ ತೊಂದರೆ’ ಎಂಬ ಅಗಲವಾದ ಕೋಡ್ ಇಟ್ಟುಕೊಂಡವರಿಗೆ ಎರಡನೆಯ ಸಂದರ್ಶನದಲ್ಲೇ ಹೊಸದೇನೂ ಕಾಣದೆ ಹೋಗಬಹುದು. ಬಸ್ ಚಾರ್ಜು, ಒಂದು ದಿನದ ಕೂಲಿ ನಷ್ಟ, ಪೌಷ್ಟಿಕ ಆಹಾರದ ಖರ್ಚು ಎಂದು ಬಿಡಿಸಿ ಬರೆದವರಿಗೆ ಇನ್ನೂ ಬಹಳ ಸಂದರ್ಶನ ಬೇಕಾಗುತ್ತದೆ. ಪ್ರಶ್ನೆಗಳೇ ಮೇಲುಮೇಲಿನವಾಗಿದ್ದರೂ ಉತ್ತರಗಳು ಬೇಗ ಒಂದೇ ರೀತಿ ಕೇಳಿಸುತ್ತವೆ.

ವಿಷಯವೊಂದು ಕಿವಿಗೆ ಬಿದ್ದದ್ದಕ್ಕೂ ಅದು ಅರ್ಥವಾದದ್ದಕ್ಕೂ ಅಂತರವಿದೆ. ಮೋನಿಕ್ ಹೆನ್ನಿಂಕ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, 25 ಸಂದರ್ಶನಗಳ ಪೈಕಿ 9 ಮುಗಿಯುವಷ್ಟರಲ್ಲಿ ಕೋಡ್‌ಗಳ ಮಟ್ಟದಲ್ಲಿ ಪರ್ಯಾಪ್ತತೆ ಬಂದಿತ್ತು. ಆದರೆ ಆ ವಿಷಯಗಳ ನಾನಾ ಮುಖಗಳನ್ನು ತಿಳಿಯಲು 16ರಿಂದ 24 ಸಂದರ್ಶನ ಬೇಕಾದವು. ಕ್ಷಯದ ಉದಾಹರಣೆಯಲ್ಲಿ ‘ನಾಚಿಕೆ’ ಎಂಬ ಕೋಡ್ ಮೊದಲ ದಿನವೇ ಸಿಗಬಹುದು. ಆ ನಾಚಿಕೆ ಮದುವೆಯಾಗಬೇಕಾದ ಹುಡುಗಿಗೆ ಒಂದು ರೀತಿ, ಹೋಟೆಲಿನಲ್ಲಿ ಕೆಲಸ ಮಾಡುವವನಿಗೆ ಇನ್ನೊಂದು ರೀತಿ ಎಂಬುದು ತಿಳಿಯಲು ಹೆಚ್ಚು ಜನರ ಮಾತು ಬೇಕು. ವಿಷಯಗಳ ಪಟ್ಟಿ ಮಾಡುವುದಷ್ಟೇ ಉದ್ದೇಶವಾದರೆ ಮೊದಲನೆಯದು ಸಾಕು. ಅನುಭವವನ್ನು ವಿವರಿಸಬೇಕಾದರೆ ಎರಡನೆಯದನ್ನು ತಲುಪಬೇಕು.

ಇದೆಲ್ಲ ಸಾಧ್ಯವಾಗಲು ಸಂದರ್ಶನ ಮತ್ತು ವಿಶ್ಲೇಷಣೆ ಜೊತೆಜೊತೆಗೆ ಸಾಗಬೇಕು. ಎಲ್ಲರನ್ನೂ ಮಾತನಾಡಿಸಿ ಮುಗಿಸಿದ ಮೇಲೆ ಕೋಡ್ ಮಾಡಲು ಕೂತವರು ‘ಪರ್ಯಾಪ್ತತೆ ಬಂದದ್ದರಿಂದ ನಿಲ್ಲಿಸಿದೆವು’ ಎಂದು ಬರೆಯುವಂತಿಲ್ಲ. ‘ಸಂಗ್ರಹಿಸಿದ ಮಾಹಿತಿಯಲ್ಲಿ ಇಂತಿಷ್ಟನೆಯ ಸಂದರ್ಶನದ ನಂತರ ಹೊಸ ಕೋಡ್ ಬರಲಿಲ್ಲವೆಂದು ಆಮೇಲೆ ಕಂಡುಬಂತು’ ಎಂದಷ್ಟೇ ಹೇಳಬಹುದು.

ವರದಿಯಲ್ಲಿ ಸಮರ್ಥನೆಗೆ ಒಂದು ಪ್ಯಾರಾ ಮತ್ತು ಒಂದು ಕೋಷ್ಟಕ ಸಾಕು. ಕೋಷ್ಟಕದಲ್ಲಿ ಪ್ರತಿ ಸಂದರ್ಶನದಿಂದ ಬಂದ ಹೊಸ ಕೋಡ್‌ಗಳ ಸಂಖ್ಯೆ ಇರಲಿ. ಪ್ಯಾರಾ ಹೀಗಿರಬಹುದು: ‘ಪರ್ಯಾಪ್ತತೆಯನ್ನು ಕೋಡ್‌ಗಳ ಮಟ್ಟದಲ್ಲಿ ಪರಿಶೀಲಿಸಲಾಗಿದೆ. ಬುನಾದಿ 4, ಪರೀಕ್ಷೆ 2, ಮಿತಿ ಶೇ 5 ಎಂದು ಮೊದಲೇ ನಿಗದಿಪಡಿಸಲಾಗಿತ್ತು. ಪಟ್ಟಣದ ರೋಗಿಗಳಲ್ಲಿ ಇದು 8 ಸಂದರ್ಶನಗಳಲ್ಲಿ ಈಡೇರಿತು. ಭಿನ್ನ ಅನುಭವವಿರಬಹುದೆಂದು ತೋಟದ 4 ಕಾರ್ಮಿಕರನ್ನು ಮಾತನಾಡಿಸಿದಾಗ 4 ಹೊಸ ಕೋಡ್‌ಗಳು ಬಂದವು. ಆ ಗುಂಪಿನ ಮಟ್ಟಿಗೆ ಪರ್ಯಾಪ್ತತೆಯನ್ನು ಪ್ರತಿಪಾದಿಸುವುದಿಲ್ಲ.’ ಕೊನೆಯ ವಾಕ್ಯ ವರದಿಯನ್ನು ದುರ್ಬಲಗೊಳಿಸುವುದಿಲ್ಲ. ಪರಿಶೀಲಕರು ಕೇಳಬಹುದಾದ ಮೊದಲ ಪ್ರಶ್ನೆಗೆ ಅದು ಉತ್ತರ ಕೊಟ್ಟಿರುತ್ತದೆ. ಆರೋಗ್ಯ ಸಂಶೋಧನೆಯ ವರದಿಗಳಿಗೆ 2007ರಲ್ಲಿ ರೂಪಿಸಿದ ಕೋರೆಕ್ ಎಂಬ 32 ಅಂಶಗಳ ಪಟ್ಟಿಯೂ ಪರ್ಯಾಪ್ತತೆಯನ್ನು ಚರ್ಚಿಸಲಾಗಿದೆಯೇ ಎಂದು ಕೇಳುತ್ತದೆ.

ಈ ಲೆಕ್ಕ ಎಲ್ಲ ಅಧ್ಯಯನಗಳಿಗೂ ಒಗ್ಗುವುದಿಲ್ಲ. ಅರ್ಥವು ಮಾಹಿತಿಯೊಳಗೆ ಸಿದ್ಧವಾಗಿ ಕೂತಿರುವುದಿಲ್ಲ, ಸಂಶೋಧಕರು ಓದುತ್ತ ಅದನ್ನು ಕಟ್ಟುತ್ತಾರೆ ಎಂಬ ನಿಲುವಿನ ವಿಶ್ಲೇಷಣೆಗೆ ಈ ಕಲ್ಪನೆ ಹೊಂದದು ಎಂದು ವರ್ಜೀನಿಯಾ ಬ್ರೌನ್ ಮತ್ತು ವಿಕ್ಟೋರಿಯಾ ಕ್ಲಾರ್ಕ್ ವಾದಿಸಿದ್ದಾರೆ. ಅಂಥ ಅಧ್ಯಯನದವರು ಮಾದರಿಯ ಗಾತ್ರಕ್ಕೆ ಬೇರೆ ಕಾರಣ ಕೊಡಬೇಕು. ಆ ಪದವನ್ನು ವಾಡಿಕೆಗಾಗಿ ಸೇರಿಸಬೇಕಾಗಿಲ್ಲ. ಅದನ್ನು ಬಳಸುವವರು ಮಾತ್ರ ಯಾವ ಮಟ್ಟದ ಪರ್ಯಾಪ್ತತೆ, ಯಾರ ವಿಷಯದಲ್ಲಿ, ಯಾವ ಎಣಿಕೆಯ ಆಧಾರದ ಮೇಲೆ ಎಂಬ ಮೂರನ್ನೂ ವರದಿಯಲ್ಲಿ ಬರೆಯಬೇಕು.